ಬೂದು ಹಡಗು, ಬಿಳಿ ಹಡಗು



ಪೌರನೀತಿಯ ಪಾಠದಲ್ಲಿ ‘ನಮ್ಮ ರಕ್ಷಣಾ ವ್ಯವಸ್ಥೆ’ಗೆ ಬಂದಾಗಲೆಲ್ಲ ತರಗತಿಯಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತಿತ್ತು. ಭೂಸೇನೆ, ನೌಕಾಸೇನೆ, ವಾಯುಸೇನೆ ಎಂದು ಮೂರನ್ನು ಹೇಳಿ, ಬಳಿಕ ಎರಡನೆಯ ಸಾಲಿನಲ್ಲಿ ಕರಾವಳಿ ರಕ್ಷಣಾ ಪಡೆಯ ಹೆಸರನ್ನು ಓದಿದೊಡನೆ ಹಿಂದಿನ ಬೆಂಚಿನಿಂದ ಯಾರಾದರೂ ಎದ್ದು ನಿಂತು, “ಸಾರ್, ನೌಕಾಸೇನೆ ಇರುವಾಗ ಕಡಲಿಗೆ ಇನ್ನೊಂದು ಪಡೆ ಏಕೆ?” ಎಂದು ಕೇಳುತ್ತಿದ್ದರು. ಪರೀಕ್ಷೆಗೆ ಸಾಲುವ ಉತ್ತರ ಎರಡು ವಾಕ್ಯದ್ದು. ಆದರೆ ಪ್ರಶ್ನೆಯ ನಿಜವಾದ ಉತ್ತರ ಒಂದು ಹಡಗಿನ ಕಥೆಯಲ್ಲಿದೆ. ಆ ಕಥೆಯನ್ನು ಇಂದು ವಿವರವಾಗಿ ಬರೆಯಬೇಕೆಂದು ಕುಳಿತಿದ್ದೇನೆ.

ಮೊದಲು ಹಿನ್ನೆಲೆ. ಸ್ವಾತಂತ್ರ್ಯಾನಂತರ ಸುಮಾರು ಮೂರು ದಶಕಗಳ ಕಾಲ ನಮ್ಮ ದೇಶಕ್ಕೆ ಪ್ರತ್ಯೇಕವಾದ ಕರಾವಳಿ ರಕ್ಷಣಾ ಪಡೆ ಇರಲಿಲ್ಲ. ಕಡಲಿನಲ್ಲಿ ಕಳ್ಳಸಾಗಣೆ ತಡೆಯಬೇಕಾದವರು ಸುಂಕ ಇಲಾಖೆಯವರು. ಅವರ ಬಳಿಯಿದ್ದ ದೋಣಿಗಳಿಗಿಂತ ಕಳ್ಳಸಾಗಣೆದಾರರ ದೋಣಿಗಳು ವೇಗವಾಗಿದ್ದವು. ಸಹಾಯ ಬೇಕಾದಾಗಲೆಲ್ಲ ನೌಕಾಪಡೆಯನ್ನು ಕರೆಯುವುದು ರೂಢಿ. ಆದರೆ ಯುದ್ಧನೌಕೆಯನ್ನು ಚಿನ್ನದ ಬಿಸ್ಕತ್ತು ಹಿಡಿಯಲು ಕಳುಹಿಸುವುದೆಂದರೆ ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಂತೆ. ಅದರ ಖರ್ಚು ಹೆಚ್ಚು. ಅದರ ಸಿಬ್ಬಂದಿಯ ತರಬೇತಿಯೇ ಬೇರೆ. 1974ರಲ್ಲಿ ಬಾಂಬೆ ಹೈ ಪ್ರದೇಶದಲ್ಲಿ ಕಡಲ ತಳದಿಂದ ಎಣ್ಣೆ ದೊರೆಯಿತು. 1976ರಲ್ಲಿ ಸಂಸತ್ತು ಸಾಗರ ವಲಯಗಳ ಕಾಯಿದೆಯನ್ನು ಅಂಗೀಕರಿಸಿತು. ಅದರ ಪ್ರಕಾರ ದಡದಿಂದ 12 ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿಲೋಮೀಟರ್, ನಮ್ಮ ಪ್ರಾದೇಶಿಕ ಜಲ. 200 ನಾಟಿಕಲ್ ಮೈಲು, ಅಂದರೆ ಸುಮಾರು 370 ಕಿಲೋಮೀಟರ್ ವರೆಗೆ ವಿಶೇಷ ಆರ್ಥಿಕ ವಲಯ. ಇಷ್ಟು ವಿಶಾಲವಾದ ನೀರಿನಲ್ಲಿ ಮೀನು, ಎಣ್ಣೆ, ಖನಿಜಗಳ ಮೇಲೆ ಹಕ್ಕು ಬಂದಿತು. ಹಕ್ಕು ಬಂದಮೇಲೆ ಕಾಯುವವರೂ ಬೇಕಲ್ಲವೆ?

ಗಡಿ ಭದ್ರತಾ ಪಡೆಯನ್ನು ಕಟ್ಟಿದ ಕೆ. ಎಫ್. ರುಸ್ತುಂಜಿಯವರ ನೇತೃತ್ವದ ಸಮಿತಿ ಈ ಪ್ರಶ್ನೆಯನ್ನು ಪರಿಶೀಲಿಸಿ ಪ್ರತ್ಯೇಕ ಪಡೆಯನ್ನು ಶಿಫಾರಸು ಮಾಡಿತು. 1977ರ ಫೆಬ್ರವರಿ 1ರಂದು ನೌಕಾಪಡೆ ಕೊಟ್ಟ ಕೃಪಾಣ್, ಕುಠಾರ್ ಎಂಬ ಎರಡು ಹಳೆಯ ಫ್ರಿಗೇಟ್ ಹಡಗುಗಳು ಹಾಗೂ ಐದು ಗಸ್ತು ದೋಣಿಗಳೊಡನೆ ತಾತ್ಕಾಲಿಕ ಪಡೆ ಆರಂಭವಾಯಿತು. 1978ರ ಆಗಸ್ಟ್‌ನಲ್ಲಿ ಕರಾವಳಿ ರಕ್ಷಣಾ ಪಡೆಯ ಕಾಯಿದೆ ಜಾರಿಗೆ ಬಂದು ಅದು ಶಾಶ್ವತವಾಯಿತು.

ಈ ಕಾಯಿದೆಯ 14ನೆಯ ಕಲಮನ್ನು ಓದಿದರೆ ಎರಡು ಪಡೆಗಳ ಕರ್ತವ್ಯದಲ್ಲಿನ ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ಕಡಲಿನಲ್ಲಿ ಕಟ್ಟಿದ ಎಣ್ಣೆಬಾವಿ ಮುಂತಾದ ನಿರ್ಮಾಣಗಳ ರಕ್ಷಣೆ, ಸಂಕಟದಲ್ಲಿರುವ ಮೀನುಗಾರರಿಗೆ ನೆರವು, ಸಮುದ್ರ ಮಾಲಿನ್ಯದ ತಡೆ, ಸುಂಕ ಇಲಾಖೆಗೆ ಕಳ್ಳಸಾಗಣೆ ತಡೆಯುವಲ್ಲಿ ಸಹಾಯ, ಸಾಗರ ವಲಯಗಳ ಕಾನೂನುಗಳ ಜಾರಿ, ಕಡಲಿನಲ್ಲಿ ಜೀವ ಮತ್ತು ಆಸ್ತಿಯ ಸುರಕ್ಷತೆ ಇವು ಅದರಲ್ಲಿ ಹೇಳಿರುವ ಕೆಲಸಗಳು. ಶತ್ರುವಿನ ಹಡಗನ್ನು ಮುಳುಗಿಸುವ ಮಾತು ಆ ಪಟ್ಟಿಯಲ್ಲಿಲ್ಲ. ನೌಕಾಪಡೆಗೆ ಎದುರಾಳಿಯೆಂದರೆ ಇನ್ನೊಂದು ರಾಷ್ಟ್ರ. ಕರಾವಳಿ ರಕ್ಷಣಾ ಪಡೆಗೆ ಎದುರಾಳಿಯೆಂದರೆ ಕಾನೂನು ಮುರಿದ ಒಬ್ಬ ವ್ಯಕ್ತಿ, ಇಲ್ಲವೆ ಬಿರುಗಾಳಿ, ಬೆಂಕಿ, ಸೋರಿದ ಎಣ್ಣೆ. ನಮ್ಮಲ್ಲಿ ಎರಡೂ ಪಡೆಗಳು ರಕ್ಷಣಾ ಸಚಿವಾಲಯದ ಅಡಿಯಲ್ಲೇ ಇವೆ. ಎರಡಕ್ಕೂ ಸಮವಸ್ತ್ರ, ಶಿಸ್ತು, ತೋಪು ಎಲ್ಲವೂ ಉಂಟು. ಆದರೂ ಮೊದಲನೆಯದು ಯೋಧನ ಕೆಲಸ, ಎರಡನೆಯದು ಬಹುಮಟ್ಟಿಗೆ ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರೂ ಸೇರಿದ ಕೆಲಸ.

ಈಗ ಹಡಗಿನ ಕಥೆಗೆ ಬರುತ್ತೇನೆ.

1999ರ ಅಕ್ಟೋಬರ್ 22ರಂದು ‘ಅಲೋಂಡ್ರ ರೇನ್‌ಬೋ’ ಎಂಬ ಸರಕು ಹಡಗು ಇಂಡೋನೇಷ್ಯದ ಸುಮಾತ್ರ ದ್ವೀಪದ ಕ್ವಾಲಾ ತಂಜುಂಗ್ ಬಂದರಿನಿಂದ ಜಪಾನಿಗೆ ಹೊರಟಿತು. ಮಾಲೀಕರು ಜಪಾನಿನವರು, ನೋಂದಣಿ ಪನಾಮ ದೇಶದ್ದು. ಒಡಲಲ್ಲಿ ಸುಮಾರು 7,000 ಟನ್ ಅಲ್ಯೂಮಿನಿಯಂ ಗಟ್ಟಿಗಳು. ಹಡಗಿನಲ್ಲಿದ್ದವರು ಹದಿನೇಳು ಮಂದಿ, ಜಪಾನೀಯರು ಮತ್ತು ಫಿಲಿಪೀನ್ಸಿನವರು. ಹೊರಟ ರಾತ್ರಿಯೇ ಕಡಲ್ಗಳ್ಳರು ಹಡಗನ್ನೇರಿ ವಶಪಡಿಸಿಕೊಂಡರು. ನಾವಿಕರನ್ನು ಕೆಲವು ದಿನ ಮತ್ತೊಂದು ಹಡಗಿನಲ್ಲಿ ಬಂಧನದಲ್ಲಿಟ್ಟು, ಆಮೇಲೆ ಒಂದು ಜೀವರಕ್ಷಕ ತೆಪ್ಪದಲ್ಲಿ ಕೂರಿಸಿ ನಡುಗಡಲಿನಲ್ಲಿ ಬಿಟ್ಟರು. ಹತ್ತು ದಿನಗಳ ಕಾಲ ತೇಲಿದ ಅವರನ್ನು ಥಾಯ್ಲೆಂಡಿನ ಮೀನುಗಾರರು ನವೆಂಬರ್ 8ರಂದು ಕಂಡು ಎತ್ತಿಕೊಂಡರು. ಹದಿನೇಳು ಮಂದಿಯೂ ಬದುಕಿದ್ದರು.

ಕಳ್ಳರು ಅಷ್ಟರಲ್ಲಿ ಹಡಗಿಗೆ ಬೇರೆ ಬಣ್ಣ ಬಳಿದು, ‘ಮೆಗಾ ರಾಮ’ ಎಂದು ಹೆಸರು ಬದಲಿಸಿ, ಬೆಲೀಜ್ ದೇಶದ ಧ್ವಜ ಹಾರಿಸಿ ಪಶ್ಚಿಮಕ್ಕೆ ಸಾಗುತ್ತಿದ್ದರು. ಸರಕಿನ ಒಂದು ಭಾಗವನ್ನು ದಾರಿಯಲ್ಲೇ ಮಾರಿಕೊಂಡಿದ್ದರು. ಕ್ವಾಲಾಲಂಪುರದಲ್ಲಿರುವ ಕಡಲ್ಗಳ್ಳತನ ವರದಿ ಕೇಂದ್ರ ಎಲ್ಲ ಹಡಗುಗಳಿಗೂ ಎಚ್ಚರಿಕೆ ಕೊಟ್ಟಿತ್ತು. ಆ ವಿವರಣೆಗೆ ಹೊಂದುವ ಹಡಗೊಂದನ್ನು ಅರಬ್ಬಿ ಸಮುದ್ರದತ್ತ ಹೋಗುತ್ತಿದ್ದ ವ್ಯಾಪಾರಿ ಹಡಗಿನವರು ಕಂಡು ಸುದ್ದಿ ಮುಟ್ಟಿಸಿದರು. ಸುದ್ದಿ ನಮ್ಮ ಕರಾವಳಿ ರಕ್ಷಣಾ ಪಡೆಗೂ ಬಂದಿತು.

ನವೆಂಬರ್ 14ರಂದು ಆ ಪಡೆಯ ವಿಮಾನ ಕೇರಳದ ಕರಾವಳಿಯಾಚೆ ಹಡಗನ್ನು ಗುರುತಿಸಿತು. ‘ತಾರಾಬಾಯಿ’ ಎಂಬ ಅದರ ಗಸ್ತು ಹಡಗು ಬೆನ್ನು ಹತ್ತಿತು. ಇಲ್ಲಿಂದ ಮುಂದಿನ ಕ್ರಮವನ್ನು ಗಮನಿಸಬೇಕು. ಗಸ್ತು ಹಡಗಿನವರು ಕಂಡ ಕೂಡಲೇ ಗುಂಡು ಹಾರಿಸುವಂತಿಲ್ಲ. ಮೊದಲು ರೇಡಿಯೋದಲ್ಲಿ ಹೆಸರು, ನೋಂದಣಿ, ಎಲ್ಲಿಂದ ಎಲ್ಲಿಗೆ ಎಂದು ವಿಚಾರಿಸಬೇಕು. ಉತ್ತರವನ್ನು ದಡದಲ್ಲಿರುವವರು ತಾಳೆ ನೋಡಬೇಕು. ಬೆಲೀಜ್ ದೇಶದ ನೋಂದಣಿಯಲ್ಲಿ ‘ಮೆಗಾ ರಾಮ’ ಎಂಬ ಹಡಗೇ ಇಲ್ಲವೆಂದು ತಿಳಿಯಿತು. ಇದು ಸಣ್ಣ ಸಂಗತಿಯಲ್ಲ. ತೆರೆದ ಸಮುದ್ರದಲ್ಲಿ ಒಂದು ಹಡಗಿನ ಮೇಲೆ ಅದರ ಧ್ವಜದ ದೇಶಕ್ಕೆ ಮಾತ್ರ ಅಧಿಕಾರ. ಅನ್ಯರು ಅದನ್ನು ತಡೆದು ಏರಬೇಕಾದರೆ ಅಂತರರಾಷ್ಟ್ರೀಯ ಕಾನೂನು ಒಪ್ಪುವ ಕಾರಣ ಬೇಕು. ಕಡಲ್ಗಳ್ಳತನದ ಶಂಕೆ ಅಂತಹ ಒಂದು ಕಾರಣ. ಹಡಗಿಗೆ ಯಾವ ದೇಶವೂ ಇಲ್ಲದಿರುವುದು ಇನ್ನೊಂದು. ಸುಳ್ಳು ಧ್ವಜ ಬಯಲಾದೊಡನೆ ಆ ಹಡಗಿನ ರಕ್ಷಣೆಯೂ ಕಳಚಿಬಿದ್ದಿತು.

ನಿಲ್ಲಿರೆಂದು ಆಜ್ಞೆ ಹೋಯಿತು, ನಿಲ್ಲಲಿಲ್ಲ. ಮೂತಿಯ ಮುಂದೆ ನೀರಿಗೆ ಬೀಳುವಂತೆ ಎಚ್ಚರಿಕೆಯ ಗುಂಡು ಹಾರಿತು, ಆಗಲೂ ನಿಲ್ಲಲಿಲ್ಲ. ಕಳ್ಳರು ವೇಗ ಹೆಚ್ಚಿಸಿ ನಡುಗಡಲಿನತ್ತ ಓಡಿದರು. ಸಣ್ಣ ಗಸ್ತು ಹಡಗಿನ ಮಿತಿ ಇಲ್ಲಿ ಕಾಣಿಸುತ್ತದೆ. ಅದು ಬೆನ್ನು ಬಿಡದೆ ಹೋಗಬಲ್ಲದು, ಆದರೆ ಸಾವಿರಾರು ಟನ್ನಿನ ಉಕ್ಕಿನ ಹಡಗನ್ನು ಅದರ ಸಣ್ಣ ತೋಪು ಸುಲಭವಾಗಿ ನಿಲ್ಲಿಸಲಾರದು. ದಡದಿಂದ ದೂರ ಹೋದಷ್ಟೂ ಇಂಧನದ ಚಿಂತೆಯೂ ಬೆಳೆಯುತ್ತದೆ. ಆದುದರಿಂದ ನೌಕಾಪಡೆಯ ‘ಪ್ರಹಾರ್’ ಎಂಬ ಕ್ಷಿಪಣಿ ನೌಕೆ ಬಂದು ಕೂಡಿಕೊಂಡಿತು.

‘ಪ್ರಹಾರ್’ ಕಟ್ಟಿದ್ದು ಶತ್ರುವಿನ ಹಡಗನ್ನು ಕ್ಷಿಪಣಿಯಿಂದ ಮುಳುಗಿಸಲು. ಆದರೆ ಇಲ್ಲಿ ಆ ಕ್ಷಿಪಣಿ ನಿರುಪಯೋಗಿ. ಹಡಗು ಮುಳುಗಿದರೆ ಮಾಲು ಮುಳುಗಿತು, ಸಾಕ್ಷ್ಯ ಮುಳುಗಿತು, ಆರೋಪಿಗಳೂ ಮುಳುಗಿದರು. ಮಾಲೀಕನಿಗೂ ನ್ಯಾಯಾಲಯಕ್ಕೂ ಉಳಿಯುವುದೇನು? ಬೇಕಾಗಿದ್ದುದು ನಿಲ್ಲಿಸುವ ಬಲವೇ ಹೊರತು ನಾಶಮಾಡುವ ಬಲವಲ್ಲ. ಯುದ್ಧನೌಕೆ ತನ್ನ ತೋಪನ್ನು ಪೊಲೀಸರ ಲಾಠಿಯಂತೆ, ಅಳತೆಯಿಂದ ಬಳಸಬೇಕಾಯಿತು. ನವೆಂಬರ್ 16ರಂದು ಹಡಗು ನಿಂತಿತು. ಹದಿನೈದು ಮಂದಿ ಇಂಡೋನೇಷ್ಯದವರು ಶರಣಾದರು. ನಿಲ್ಲುವ ಮೊದಲು ಅವರು ಕಾಗದಪತ್ರಗಳಿಗೆ ಬೆಂಕಿಯಿಟ್ಟು, ನೀರು ಒಳನುಗ್ಗುವಂತೆ ಮಾಡಿ ಹಡಗನ್ನೇ ಮುಳುಗಿಸಲು ಯತ್ನಿಸಿದ್ದರು. ನಮ್ಮವರು ಹಡಗನ್ನೇರಿ, ಬೆಂಕಿ ಆರಿಸಿ, ನೀರು ತಡೆದು, ಅದನ್ನು ಎಳೆದು ಮುಂಬಯಿಗೆ ತಂದರು. ಎರಡು ಪಡೆಗಳೂ ಕೂಡಿ ಮಾಡಿದ ಈ ಕೆಲಸವನ್ನು ಜಗತ್ತಿನ ನೌಕಾ ವಲಯವೆಲ್ಲ ಮೆಚ್ಚಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ಅದರ ದ್ವಿತೀಯಾರ್ಧ ನಡೆದದ್ದು ನ್ಯಾಯಾಲಯದಲ್ಲಿ.

ಆರೋಪಿಗಳನ್ನು ಮುಂಬಯಿ ಪೊಲೀಸರಿಗೆ ಒಪ್ಪಿಸಲಾಯಿತು. ಪೊಲೀಸರು ಮೊಕದ್ದಮೆ ಹೂಡಬೇಕು. ಯಾವ ಕಾನೂನಿನ ಅಡಿಯಲ್ಲಿ? ಅಂದಿನ ಭಾರತೀಯ ದಂಡಸಂಹಿತೆಯಲ್ಲಿ ಕಳ್ಳತನವಿತ್ತು, ದರೋಡೆಯಿತ್ತು, ಡಕಾಯಿತಿಯಿತ್ತು; ಕಡಲ್ಗಳ್ಳತನ ಎಂಬ ಹೆಸರಿನ ಅಪರಾಧವೇ ಇರಲಿಲ್ಲ. ದರೋಡೆ ನಡೆದದ್ದು ಇಂಡೋನೇಷ್ಯದ ಬಳಿ, ಹಡಗು ಪನಾಮದ್ದು, ಮಾಲೀಕ ಜಪಾನಿನವನು, ಆರೋಪಿಗಳು ಇಂಡೋನೇಷ್ಯದವರು, ನೊಂದವರಲ್ಲಿ ಒಬ್ಬನೂ ಭಾರತೀಯನಲ್ಲ. ಇರುವ ಕಲಮುಗಳನ್ನೇ ಜೋಡಿಸಿಕೊಂಡು ಮೊಕದ್ದಮೆ ನಡೆಯಿತು. 2003ರ ಫೆಬ್ರವರಿಯಲ್ಲಿ ಮುಂಬಯಿಯ ಸೆಷನ್ಸ್ ನ್ಯಾಯಾಲಯ ಏಳು ವರ್ಷಗಳ ಕಠಿಣ ಶಿಕ್ಷೆ ವಿಧಿಸಿತು. ಆದರೆ 2005ರಲ್ಲಿ ಬಾಂಬೆ ಹೈಕೋರ್ಟ್ ಮೇಲ್ಮನವಿಯಲ್ಲಿ ಅವರನ್ನು ದೋಷಮುಕ್ತಗೊಳಿಸಿತು. ಹಿಡಿದ ಕೈಗಳಲ್ಲಿ ಬಲವಿತ್ತು. ಹಿಡಿದದ್ದನ್ನು ಉಳಿಸಿಕೊಳ್ಳುವ ಕಾನೂನಿನಲ್ಲಿ ಬಲವಿರಲಿಲ್ಲ.

ಅಧಿಕಾರದ ಪ್ರಶ್ನೆಯೆಂದರೆ ಇದೇ. ಯುದ್ಧದಲ್ಲಿ ಶತ್ರುವಿನ ಯುದ್ಧನೌಕೆಯನ್ನು ಹಿಡಿದವನು ಯಾವ ನ್ಯಾಯಾಧೀಶನಿಗೂ ಕಲಮು ತೋರಿಸಬೇಕಾಗಿಲ್ಲ. ಶಾಂತಿಕಾಲದಲ್ಲಿ ಹಿಡಿದವನು ತೋರಿಸಲೇಬೇಕು: ಯಾವ ಕಾಯಿದೆ, ಎಷ್ಟು ಮೈಲಿನೊಳಗೆ, ಯಾವ ಸಾಕ್ಷ್ಯ, ಜಪ್ತಿ ಮಾಡಿದ ಪಂಚನಾಮೆ ಎಲ್ಲಿ, ಆರೋಪಿಯನ್ನು ಎಷ್ಟು ಬೇಗ ಪೊಲೀಸರಿಗೆ ಒಪ್ಪಿಸಿದೆ ಎಂದು. ಕರಾವಳಿ ರಕ್ಷಣಾ ಪಡೆಯ ದಿನನಿತ್ಯದ ಕೆಲಸ ನಡೆಯುವುದು ಈ ಚೌಕಟ್ಟಿನಲ್ಲೇ. ಉದಾಹರಣೆಗೆ, ವಿದೇಶೀ ದೋಣಿಗಳ ಮೀನುಗಾರಿಕೆಯನ್ನು ನಿಯಂತ್ರಿಸುವ 1981ರ ಕಾಯಿದೆ ಈ ಪಡೆಯ ಅಧಿಕಾರಿಗಳ ಹೆಸರನ್ನೇ ಹೇಳಿ, ವಾರಂಟ್ ಇಲ್ಲದೆ ಅಂತಹ ದೋಣಿಯನ್ನು ತಡೆದು, ಏರಿ, ಶೋಧಿಸಿ, ಜಪ್ತಿ ಮಾಡಿ, ಅದರಲ್ಲಿದ್ದವರನ್ನು ಬಂಧಿಸುವ ಅಧಿಕಾರ ಕೊಟ್ಟಿದೆ. ಕೇಂದ್ರ ಸರ್ಕಾರ ಅಧಿಸೂಚನೆಯ ಮೂಲಕ ಬೇರೆ ಕಾನೂನುಗಳ ಅಧಿಕಾರವನ್ನೂ ಅವರಿಗೆ ಕೊಡಬಹುದು. ಆದ್ದರಿಂದ ನಮ್ಮ ನೀರಿನಲ್ಲಿ ಕದ್ದು ಮೀನು ಹಿಡಿಯುವ ಹಡಗನ್ನು ಅವರು ಹಿಡಿದರೆ ಅದು ಸಾಮಾನ್ಯ ಮೊಕದ್ದಮೆ. ಅದೇ ಕೆಲಸವನ್ನು ಬೂದುಬಣ್ಣದ ಯುದ್ಧನೌಕೆ ಮಾಡಿದರೆ ನೆರೆಯ ದೇಶ ಅದನ್ನು ಬೇರೆಯೇ ಅರ್ಥದಲ್ಲಿ ಓದಿಕೊಳ್ಳುವ ಅಪಾಯವಿದೆ. ಬಿಳಿಯ ಹಡಗು ಹೇಳುವುದು ‘ಕಾನೂನು ಬಂದಿದೆ’ ಎಂದು. ಬೂದುಬಣ್ಣದ ಹಡಗು ಹೇಳುವುದು ‘ರಾಷ್ಟ್ರದ ಸೈನ್ಯ ಬಂದಿದೆ’ ಎಂದು.

ಈ ಗೆರೆಯನ್ನು ಬೇರೆ ಬೇರೆ ದೇಶಗಳು ಬೇರೆ ಬೇರೆ ಕಡೆ ಎಳೆದಿವೆ. ಅಮೆರಿಕದಲ್ಲಿ ಸೈನ್ಯ ನಾಗರಿಕರ ಮೇಲೆ ಪೊಲೀಸ್ ಕೆಲಸ ಮಾಡಬಾರದೆಂಬುದು ಹಳೆಯ ನಿಯಮ. ಆದರೆ ಅಲ್ಲಿನ ಕೋಸ್ಟ್ ಗಾರ್ಡ್‌ಗೆ ಪೊಲೀಸ್ ಅಧಿಕಾರವಿದೆ. ಹಾಗಾಗಿ ಮಾದಕ ವಸ್ತುಗಳನ್ನು ಹಿಡಿಯಲು ಹೋಗುವ ನೌಕಾಪಡೆಯ ಹಡಗಿನಲ್ಲಿ ಕೋಸ್ಟ್ ಗಾರ್ಡಿನ ಒಂದು ಸಣ್ಣ ತಂಡವೂ ಇರುತ್ತದೆ. ಹಡಗು, ರಾಡಾರ್, ಹೆಲಿಕಾಪ್ಟರ್ ಎಲ್ಲವೂ ನೌಕಾಪಡೆಯವು. ಕಳ್ಳದೋಣಿಯನ್ನು ಏರಿ ಕೈಕೋಳ ತೊಡಿಸುವವರು ಮಾತ್ರ ಆ ತಂಡದವರು. ಜಪಾನಿನ 1948ರ ಕಾಯಿದೆಯಂತೂ ತಮ್ಮ ಕರಾವಳಿ ರಕ್ಷಣಾ ಸಂಸ್ಥೆಯನ್ನು ಸೈನ್ಯದಂತೆ ಸಂಘಟಿಸುವುದನ್ನಾಗಲಿ ತರಬೇತಿಗೊಳಿಸುವುದನ್ನಾಗಲಿ ಅನುಮತಿಸುವುದಿಲ್ಲವೆಂದು ಸ್ಪಷ್ಟವಾಗಿ ಹೇಳುತ್ತದೆ. ನಮ್ಮದು ಇವೆರಡರ ನಡುವಿನ ದಾರಿ.

ಇನ್ನು ಸಲಕರಣೆಯ ವಿಚಾರ. ಇದಕ್ಕೆ ನಮ್ಮ ಮಂಗಳೂರಿಗೆ ಸಂಬಂಧಿಸಿದ ಇತ್ತೀಚಿನ ಒಂದು ಘಟನೆಯೇ ಸಾಕು. 2025ರ ಜೂನ್ 9ರಂದು ಕೊಲಂಬೋದಿಂದ ನವಶೇವಾಕ್ಕೆ ಹೊರಟಿದ್ದ ಸಿಂಗಪುರ ಧ್ವಜದ ‘ವಾನ್ ಹೈ 503’ ಎಂಬ ಕಂಟೇನರ್ ಹಡಗಿಗೆ ಕೇರಳದ ಕರಾವಳಿಯಾಚೆ ಬೆಂಕಿ ಬಿದ್ದಿತು. ಅದರಲ್ಲಿದ್ದ ಇಪ್ಪತ್ತೆರಡು ಮಂದಿಯಲ್ಲಿ ಹದಿನೆಂಟು ಮಂದಿಯನ್ನು ನೌಕಾಪಡೆಯ ‘ಸೂರತ್’ ಯುದ್ಧನೌಕೆ ಪಣಂಬೂರಿಗೆ ತಂದು ಇಳಿಸಿತು, ನಾಲ್ವರು ಕಾಣೆಯಾದರು. ಹತ್ತಿರದಲ್ಲಿದ್ದ ದೊಡ್ಡ, ವೇಗದ ಹಡಗು ಜೀವ ಉಳಿಸಲು ಧಾವಿಸಿತು. ಯಾವ ಪಡೆಯ ಹಡಗೆಂದು ಆಗ ಯಾರೂ ಕೇಳುವುದಿಲ್ಲ. ಆದರೆ ಉರಿಯುತ್ತಿರುವ ಹಡಗಿನ ಬಳಿ ದಿನಗಟ್ಟಲೆ ನಿಂತು ನೀರು ಹಾಯಿಸುವ ಕೆಲಸ ಬಿದ್ದದ್ದು ಕರಾವಳಿ ರಕ್ಷಣಾ ಪಡೆಯ ಹಡಗುಗಳ ಮೇಲೆ. ಅವುಗಳಲ್ಲಿ ‘ಸಮುದ್ರ ಪ್ರಹರಿ’ ಎಂಬುದು ಮಾಲಿನ್ಯ ನಿಯಂತ್ರಣಕ್ಕೆಂದೇ ಕಟ್ಟಿದ ಹಡಗು. ಅಂತಹ ಹಡಗಿನಲ್ಲಿ ದೂರಕ್ಕೆ ನೀರು ಚಿಮ್ಮಿಸುವ ಕೊಳವೆಗಳು, ತೇಲುವ ಎಣ್ಣೆಯನ್ನು ಸುತ್ತುಗಟ್ಟುವ ಬೇಲಿಗಳು, ಅದನ್ನು ಹೀರಿ ತುಂಬಿಕೊಳ್ಳುವ ಯಂತ್ರಗಳು ಇರುತ್ತವೆ. ಯುದ್ಧನೌಕೆಯಲ್ಲಿ ಆ ಜಾಗವನ್ನು ಕ್ಷಿಪಣಿ, ಟಾರ್ಪಿಡೊ, ಜಲಾಂತರ್ಗಾಮಿ ಪತ್ತೆಹಚ್ಚುವ ಸೋನಾರ್ ತುಂಬಿಕೊಂಡಿರುತ್ತವೆ. ಹಡಗಿನಲ್ಲಿ ಜಾಗವೂ ತೂಕವೂ ಮಿತ. ಒಂದನ್ನು ಇಟ್ಟರೆ ಇನ್ನೊಂದನ್ನು ಬಿಡಬೇಕು. ಎರಡು ಬಗೆಯ ಹಡಗುಗಳ ನಡುವಿನ ವ್ಯತ್ಯಾಸ ಬಣ್ಣದ್ದಷ್ಟೇ ಅಲ್ಲವೆಂಬುದು ಇದರಿಂದ ತಿಳಿಯುತ್ತದೆ.

ನಮ್ಮ ಕರಾವಳಿಯಲ್ಲಿ ಇವೆರಡನ್ನೂ ಕಾಣಬಹುದು. ಕಾರವಾರದ ಬಳಿಯ ಕದಂಬ ನೌಕಾನೆಲೆ ನೌಕಾಪಡೆಯದು. ಮಂಗಳೂರಿನ ಪಣಂಬೂರಿನಲ್ಲಿರುವುದು ಕರಾವಳಿ ರಕ್ಷಣಾ ಪಡೆಯ ಜಿಲ್ಲಾ ಕೇಂದ್ರ. ಇವಲ್ಲದೆ ದಡಕ್ಕೆ ಹತ್ತಿರದ ನೀರಿನಲ್ಲಿ ಓಡಾಡುವ ‘ಕರಾವಳಿ ಕಾವಲು ಪೊಲೀಸ್’ ರಾಜ್ಯ ಸರ್ಕಾರದ ಪೊಲೀಸರು. ಹೆಸರು ಹತ್ತಿರವಿರುವುದರಿಂದ ಅನೇಕರು ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. 2008ರ ಮುಂಬಯಿ ದಾಳಿಯ ಅನಂತರ, 2009ರಲ್ಲಿ, ಒಟ್ಟು ಸಾಗರ ಭದ್ರತೆಯ ಹೊಣೆಯನ್ನು ನೌಕಾಪಡೆಗೆ ವಹಿಸಿ, ಪ್ರಾದೇಶಿಕ ಜಲದ ಭದ್ರತೆಯ ಹೊಣೆಯನ್ನು ಕರಾವಳಿ ರಕ್ಷಣಾ ಪಡೆಗೆ ಕೊಟ್ಟು, ರಾಜ್ಯ ಪೊಲೀಸರನ್ನೂ ಆ ವ್ಯವಸ್ಥೆಯೊಳಗೆ ಜೋಡಿಸಲಾಯಿತು. ಮೀನುಗಾರ ಬಂಧುಗಳಿರುವವರು ಎರಡು ಸಂಖ್ಯೆಗಳನ್ನು ನೆನಪಿಡಿ: ಕಡಲಿನಲ್ಲಿ ಅಪಾಯಕ್ಕೆ ಸಿಕ್ಕಿದವರ ರಕ್ಷಣೆಗೆ ಕರಾವಳಿ ರಕ್ಷಣಾ ಪಡೆಯ 1554, ಶಂಕಾಸ್ಪದ ದೋಣಿ ಕಂಡರೆ ಕರಾವಳಿ ಪೊಲೀಸರ 1093.

‘ಅಲೋಂಡ್ರ ರೇನ್‌ಬೋ’ ಕಲಿಸಿದ ಪಾಠ ಕಾನೂನಿನ ಪುಸ್ತಕ ಸೇರಲು ಬಹಳ ಕಾಲ ಹಿಡಿಯಿತು. 2022ರಲ್ಲಿ ಸಂಸತ್ತು ಕಡಲ್ಗಳ್ಳತನ ವಿರೋಧಿ ಕಾಯಿದೆಯನ್ನು ಅಂಗೀಕರಿಸಿತು. ಅಪರಾಧಕ್ಕೆ ಹೆಸರು, ಅರ್ಥ, ಶಿಕ್ಷೆ, ವಿಚಾರಣೆ ನಡೆಸುವ ನ್ಯಾಯಾಲಯ ಎಲ್ಲವೂ ನಿರ್ಧಾರವಾದವು. ಆರೋಪಿ ಯಾವ ದೇಶದವನಾದರೂ ನಮ್ಮವರು ಹಿಡಿದರೆ ಇಲ್ಲಿ ವಿಚಾರಿಸಬಹುದಾಯಿತು. ಹಿಡಿಯುವ ಅಧಿಕಾರ ನೌಕಾಪಡೆ, ಕರಾವಳಿ ರಕ್ಷಣಾ ಪಡೆ ಎರಡಕ್ಕೂ ದೊರೆಯಿತು. 2024ರ ಮಾರ್ಚ್‌ನಲ್ಲಿ ಅದರ ಪರೀಕ್ಷೆಯೂ ಬಂದಿತು. ಸೊಮಾಲಿಯದ ಕಡಲ್ಗಳ್ಳರು ಅಪಹರಿಸಿದ್ದ ‘ರುಯೆನ್’ ಎಂಬ ಹಡಗನ್ನು ನೌಕಾಪಡೆಯ ‘ಕೋಲ್ಕತ್ತಾ’ ಯುದ್ಧನೌಕೆ ನಮ್ಮ ದಡದಿಂದ ಸುಮಾರು 2,600 ಕಿಲೋಮೀಟರ್ ದೂರದಲ್ಲಿ ತಡೆಯಿತು. ಹದಿನೇಳು ನಾವಿಕರು ಸುರಕ್ಷಿತವಾಗಿ ಬಿಡುಗಡೆಯಾದರು, ಮೂವತ್ತೈದು ಮಂದಿ ಕಳ್ಳರು ಶರಣಾದರು. ಅಷ್ಟು ದೂರಕ್ಕೆ ಹೋಗಿ ವಾರಗಟ್ಟಲೆ ಇರುವ ಶಕ್ತಿ ನೌಕಾಪಡೆಯದೇ. ಅವರನ್ನು ಮುಂಬಯಿಗೆ ತಂದು ಪೊಲೀಸರಿಗೆ ಒಪ್ಪಿಸಿದಾಗ ಮೊಕದ್ದಮೆ ದಾಖಲಾದದ್ದು ಆ ಹೊಸ ಕಾಯಿದೆಯ ಅಡಿಯಲ್ಲಿ.

ಅದೇ ಮುಂಬಯಿ, ಅದೇ ಬಗೆಯ ಅಪರಾಧ. ಇಪ್ಪತ್ತೈದು ವರ್ಷಗಳ ಅಂತರದಲ್ಲಿ ಬದಲಾದದ್ದು ತೋಪಿನ ಗಾತ್ರವಲ್ಲ. ಹಿಡಿದವನ ಕೈಯಲ್ಲಿರುವ ಕಾಗದ. ಹಡಗಿನ ಬಣ್ಣ ಬೂದುವಾಗಲಿ ಬಿಳಿಯಾಗಲಿ, ಅದು ಶಾಂತಿಕಾಲದಲ್ಲಿ ಯಾರನ್ನಾದರೂ ಹಿಡಿದು ತಂದರೆ ಕೊನೆಗೆ ನಿಲ್ಲಬೇಕಾದದ್ದು ಒಬ್ಬ ನ್ಯಾಯಾಧೀಶನ ಮುಂದೆ.

ನಿಮ್ಮಲ್ಲಿ ಕೆಲವರು ಹಡಗುಗಳಲ್ಲೂ ಬಂದರುಗಳಲ್ಲೂ ಉದ್ಯೋಗದಲ್ಲಿದ್ದೀರಿ. ಕಣ್ಣಾರೆ ಕಂಡದ್ದಿದ್ದರೆ ಬರೆದು ತಿಳಿಸಿ, ಓದಿ ಸಂತೋಷಪಡುತ್ತೇನೆ.